ಎರಡಕ್ಕೂ ಮೂರಕ್ಕೂ ನಡುವಿನ ಗೆರೆ

ಜಗಳ ಶುರುವಾಗಿದ್ದು ಒಂದು ಪ್ರಬಂಧದಿಂದ. ಕೋಲಾರ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಭಾಷಾ ವಿಷಯಗಳಿಗೂ 20 ಆಂತರಿಕ ಅಂಕ ಬಂದ ಮೇಲೆ, ದ್ವಿತೀಯ ಪಿಯುಸಿ ಮಕ್ಕಳಿಂದ ಒಂದು ಪ್ರಬಂಧ ಬರೆಸಿ ಅದಕ್ಕೆ 10 ಅಂಕ ಕೊಡೋಣ ಎಂದು ನಾವು ತೀರ್ಮಾನಿಸಿದೆವು. ಎರಡು ಸೆಕ್ಷನ್. ಒಂದನ್ನು ನಾನು, ಇನ್ನೊಂದನ್ನು ನನ್ನ ಜೊತೆಯ ಮೇಡಂ ತಿದ್ದುತ್ತಿದ್ದೆವು. ಯಾವುದೋ ಕಾರಣಕ್ಕೆ ಅವರ ಕಟ್ಟಿನಲ್ಲಿ ನನ್ನ ಸೆಕ್ಷನ್ನಿನ ಒಬ್ಬ ಹುಡುಗನ ಹಾಳೆ ಸೇರಿಕೊಂಡಿತ್ತು. ನಾನು ಅದನ್ನು ಆಗಲೇ ಓದಿ ನನ್ನ ಪುಸ್ತಕದಲ್ಲಿ 8 ಅಂತ ಬರೆದುಕೊಂಡಿದ್ದೆ. ಮೇಡಂ ಹಾಳೆಯ ಮೇಲೆ 4 ಕೊಟ್ಟಿದ್ದರು.

"ಸಾರ್, ಇದರಲ್ಲಿ ಏನಿದೆ ಅಂತ ಎಂಟು?" ಅಂದರು.

"ಭಾಷೆ ನೋಡಿ ಮೇಡಂ, ಎಷ್ಟು ಚೆನ್ನಾಗಿದೆ."

"ಭಾಷೆ ಸರಿ. ಇವನು ಏನು ಹೇಳ್ತಿದ್ದಾನೆ ಅಂತ ಒಂದು ವಾಕ್ಯದಲ್ಲಿ ಹೇಳಿ ನೋಡೋಣ."

ಹೇಳಲು ಹೋದೆ, ಆಗಲಿಲ್ಲ. ವಿಷಯ ನಮ್ಮ ಜಿಲ್ಲೆಯದ್ದೇ ಆಗಿತ್ತು: ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಆವತ್ತಿನಿಂದ ಇವತ್ತಿನವರೆಗೂ ಅದು ವರವೋ ಶಾಪವೋ ಎಂದು ನಮ್ಮಲ್ಲಿ ಟೀ ಅಂಗಡಿಯಿಂದ ಮದುವೆ ಮನೆಯವರೆಗೆ ವಾದ ನಡೆಯುತ್ತಲೇ ಇದೆ. ಇಂಥ ವಿಷಯದ ಮೇಲೆ ಹುಡುಗ ಎರಡೂವರೆ ಪುಟ ಬರೆದಿದ್ದ. ನೀರು ಜೀವಜಲ, ಕೆರೆಗಳು ನಮ್ಮ ಪೂರ್ವಜರ ಕೊಡುಗೆ, ಎಲ್ಲರೂ ಕೈಜೋಡಿಸಬೇಕು. ನೀರು ಬೇಕು ಅಂತಾನಾ, ಬೇಡ ಅಂತಾನಾ ಗೊತ್ತಾಗುತ್ತಿರಲಿಲ್ಲ.

ಮೊದಲ ತಪ್ಪು ಅವನದ್ದಲ್ಲ, ನನ್ನದು. ಪ್ರಶ್ನೆ ಕೊಟ್ಟಿದ್ದವನು ನಾನೇ: "ಕೆ.ಸಿ. ವ್ಯಾಲಿ ಯೋಜನೆ ಕುರಿತು ಪ್ರಬಂಧ ಬರೆಯಿರಿ." ಕುರಿತು ಬರೆಯಿರಿ ಎಂದರೆ ಕುರಿತೇ ಬರೆಯುತ್ತಾರೆ. ನನಗೆ ಬೇಕಾಗಿದ್ದದ್ದು ವಾದ ಮಾಡಿ ಒಪ್ಪಿಸುವ ಪ್ರಬಂಧ, ಕೇಳಿದ್ದು ವಿವರಣೆ. ಅಂಕ ಕೊಡುವಾಗ ಮಾತ್ರ ಮೇಡಂ ವಾದ ಹುಡುಕಿದರು, ನಾನು ಭಾಷೆ ಹುಡುಕಿದೆ. ಹಾಗಾಗಿ ಪ್ರಶ್ನೆ ಬದಲಾಯಿಸಿ ಮತ್ತೆ ಬರೆಸಿದೆವು: "ಕೆ.ಸಿ. ವ್ಯಾಲಿ ನೀರನ್ನು ನಮ್ಮ ಕೆರೆಗಳಿಗೆ ಬಿಡುವುದನ್ನು ಮುಂದುವರಿಸಬೇಕೇ, ಬೇಡವೇ? ನಿಮ್ಮ ಊರಿನ ಗ್ರಾಮಸಭೆಯಲ್ಲಿ ನಿಮ್ಮ ಮಾತು ಒಪ್ಪದವರು ಕೂತಿದ್ದಾರೆ. ಅವರನ್ನು ಒಪ್ಪಿಸುವಂತೆ ಬರೆಯಿರಿ." ಹುಡುಗರು ಗೊಣಗಿದರು, ಆದರೂ ಬರೆದರು.

ಇನ್ನು ರೂಬ್ರಿಕ್. ಟ್ರೈನಿಂಗ್‌ಗಳಲ್ಲಿ ಈ ಪದ ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಏನು ನೋಡುತ್ತೇವೆ ಎಂಬುದನ್ನು ಒಂದು ಕಡೆ, ಎಷ್ಟು ಚೆನ್ನಾಗಿದ್ದರೆ ಯಾವ ಹಂತ ಎಂಬುದನ್ನು ಇನ್ನೊಂದು ಕಡೆ ಬರೆದು ಮಾಡುವ ಪಟ್ಟಿ, ಅಷ್ಟೇ ತಾನೇ ಅಂದುಕೊಂಡು ಒಂದು ಸಂಜೆ ಕೂತು ಮಾಡಿಬಿಟ್ಟೆ. ನಾಲ್ಕು ಸಾಲು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಭಾಷೆ. ನಾಲ್ಕು ಹಂತ: ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಣೆ ಬೇಕು. ಮನೆಗಳ ಒಳಗೆ "ವಿಷಯವನ್ನು ಅತ್ಯುತ್ತಮವಾಗಿ ನಿರೂಪಿಸಿದ್ದಾರೆ", "ಉತ್ತಮವಾಗಿ ನಿರೂಪಿಸಿದ್ದಾರೆ" ಅಂತ ತುಂಬಿದೆ.

ಮೇಡಂ ನೋಡಿ ನಕ್ಕರು. "ಸಾರ್, ಎಂಟಕ್ಕೂ ನಾಲ್ಕಕ್ಕೂ ಜಗಳ ಇತ್ತು. ಈಗ ಅತ್ಯುತ್ತಮಕ್ಕೂ ಸಾಧಾರಣಕ್ಕೂ ಜಗಳ ಆಗತ್ತೆ."

ನಿಜ. ಅಂಕಿಯ ಬದಲು ಗುಣವಾಚಕ ಕೂರಿಸಿದ್ದೆ, ಅಷ್ಟೇ. ಇನ್ನೊಂದು ತಪ್ಪೂ ಇತ್ತು. ಪೀಠಿಕೆ, ಉಪಸಂಹಾರ ಎಂಬ ಸಾಲುಗಳು ಪ್ರಬಂಧದ ಭಾಗಗಳನ್ನು ಎಣಿಸುತ್ತವೆ, ವಾದವನ್ನು ಮುಟ್ಟುವುದಿಲ್ಲ. ಗಾದೆಯಿಂದ ಶುರು ಮಾಡಿ "ಒಟ್ಟಿನಲ್ಲಿ ಹೇಳುವುದಾದರೆ" ಎಂದು ಮುಗಿಸಿದವರಿಗೆಲ್ಲ ಎರಡು ಸಾಲಿನ ಅಂಕ ಗ್ಯಾರಂಟಿ.

ಹಾಗಾದರೆ ಏನು ಮಾಡುವುದು? ಮೇಡಂ ಹೇಳಿದ ಉಪಾಯ ಸರಳವಾಗಿತ್ತು. ತಲೆಯಿಂದ ಬರೆಯುವುದು ಬೇಡ, ಹಾಳೆಗಳಿಂದ ಬರೆಯೋಣ. ನನ್ನ ಸೆಕ್ಷನ್ನಿನ 42 ಪ್ರಬಂಧಗಳನ್ನು ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಹರಡಿದೆವು. ಹೆಸರು, ರಿಜಿಸ್ಟರ್ ನಂಬರ್ ಮಡಚಿ ಪಿನ್ ಹೊಡೆದೆವು. ಅಂಕದ ಯೋಚನೆಯೇ ಇಲ್ಲದೆ ಒಂದೇ ಪ್ರಶ್ನೆ ಕೇಳಿಕೊಂಡು ಓದಿದೆವು: ನಾನು ಗ್ರಾಮಸಭೆಯಲ್ಲಿ ಎದುರು ಕೂತವನಾಗಿದ್ದರೆ ಈ ಮಾತು ನನ್ನನ್ನು ಅಲ್ಲಾಡಿಸುತ್ತಿತ್ತಾ? ಅಲ್ಲಾಡಿಸುವಂಥದ್ದು ಒಂದು ಗುಂಪು, ಏನೂ ಆಗದ್ದು ಇನ್ನೊಂದು ಗುಂಪು, ನಡುವಿನವು ಎರಡು ಗುಂಪು. ಒಟ್ಟು ನಾಲ್ಕು. ಐದು ಮಾಡೋಣ ಎಂದು ನಾನು ಹೇಳಿದ್ದೆ. ಐದಿದ್ದರೆ ಯೋಚನೆ ಮಾಡಲು ಬೇಜಾರಾದ ಹಾಳೆಗಳೆಲ್ಲ ಮೂರಕ್ಕೆ ಹೋಗಿ ಬೀಳುತ್ತವೆ ಎಂದು ಮೇಡಂ ಒಪ್ಪಲಿಲ್ಲ. ನಾಲ್ಕಿದ್ದರೆ ನಡುಮಧ್ಯ ಅನ್ನುವುದೇ ಇಲ್ಲ. ಈ ಕಡೆಯೋ ಆ ಕಡೆಯೋ ಹೇಳಲೇಬೇಕು.

ಕೊನೆಯ ಗುಂಪನ್ನೂ ಮೊದಲ ಗುಂಪನ್ನೂ ಮಾಡಲು ಕಷ್ಟವಾಗಲಿಲ್ಲ. ಇಬ್ಬರೂ ಹೆಚ್ಚೂ ಕಡಿಮೆ ಒಪ್ಪಿದೆವು. ಒದ್ದಾಡಿದ್ದು ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ನಡುವೆ. ಒಂದು ಹಾಳೆಯಲ್ಲಿ ಹೀಗಿತ್ತು: "ಈ ನೀರಿನಿಂದ ಅಂತರ್ಜಲ ಹೆಚ್ಚುತ್ತದೆ. ಅಂತರ್ಜಲ ಹೆಚ್ಚಿದರೆ ರೈತರಿಗೆ ಒಳ್ಳೆಯದು. ಆದ್ದರಿಂದ ಮುಂದುವರಿಸಬೇಕು." ಇನ್ನೊಂದರಲ್ಲಿ ಹೀಗೆ: "ನಮ್ಮ ಊರಿನ ಕೆರೆಗೆ ನೀರು ಬರುವ ಮೊದಲು ನಮ್ಮ ದೊಡ್ಡಪ್ಪ ಎರಡು ಬೋರ್‌ವೆಲ್ ಕೊರೆಸಿದರು. ಎರಡೂ ಫೇಲ್ ಆಯಿತು. ಕೆರೆ ತುಂಬಿದ ಎರಡನೇ ವರ್ಷ ಹಳೇ ಬೋರಿನಲ್ಲೇ ನೀರು ಬಂತು, ಟೊಮೇಟೊ ಇಟ್ಟರು." ಎರಡೂ ಒಂದೇ ಕಾರಣ ಹೇಳುತ್ತಿವೆ. ಆದರೆ ಎರಡನೆಯದರಲ್ಲಿ ಕಣ್ಣಿಗೆ ಕಾಣುವ ಒಂದು ಸಂಗತಿ ಇದೆ. ಮೊದಲನೆಯದನ್ನು ಕೋಲಾರ ನೋಡದವರೂ ಬರೆಯಬಹುದು.

ಈ ವ್ಯತ್ಯಾಸಕ್ಕೆ ಹೆಸರು ಕೊಡುತ್ತಾ ಕೂತಾಗ ಬಿ.ಎಡ್.ನಲ್ಲಿ ಓದಿದ್ದ ಟೌಲ್ಮಿನ್ ನೆನಪಾದರು. ಸ್ಟೀಫನ್ ಟೌಲ್ಮಿನ್ ಎಂಬ ಬ್ರಿಟಿಷ್ ಚಿಂತಕ 1958ರಲ್ಲಿ ವಾದವನ್ನು ಬಿಡಿಬಿಡಿಯಾಗಿ ತೋರಿಸಿದ್ದರು. ಅದರಲ್ಲಿ ನಮಗೆ ಬೇಕಾದದ್ದು ಮೂರೇ: ನಿಲುವು, ಆಧಾರ, ಆಧಾರದಿಂದ ನಿಲುವಿಗೆ ಹಾಕುವ ಸೇತುವೆ. ಮಕ್ಕಳು ನಿಲುವು ಬರೆಯುತ್ತಾರೆ. ಕೆಲವರು ಆಧಾರವನ್ನೂ ಕೊಡುತ್ತಾರೆ. ಸೇತುವೆಯನ್ನು ಮಾತ್ರ ಓದುವವರಿಗೇ ಬಿಡುತ್ತಾರೆ. ದೊಡ್ಡಪ್ಪನ ಬೋರಿನಲ್ಲಿ ನೀರು ಬಂತು, ಸರಿ. ಅದು ಕೆರೆ ತುಂಬಿದ್ದರಿಂದಲೇ ಬಂತಾ, ಆ ವರ್ಷ ಮಳೆ ಜಾಸ್ತಿ ಆಗಿದ್ದಕ್ಕಾ? ಇದನ್ನು ಬಿಡಿಸಿ ಹೇಳಿದ್ದರೆ ನಾಲ್ಕನೇ ಹಂತ, ಹೇಳದಿದ್ದರೆ ಮೂರನೆಯದು. "ಕಾರಣ ಮತ್ತು ಆಧಾರ" ಎಂಬ ಸಾಲು ಕೊನೆಗೆ ಹೀಗಾಯಿತು:

1. ಕಾರಣ ಇಲ್ಲ. ನಿಲುವನ್ನೇ ಬೇರೆ ಮಾತಿನಲ್ಲಿ ಮತ್ತೆ ಹೇಳಿದೆ.
2. ಕಾರಣ ಇದೆ. ಆದರೆ ಆಧಾರ ಇಲ್ಲ, ಅಥವಾ ಇರುವುದು ಯಾವ ಊರಿಗೂ ಹೊಂದುವ ಮಾತು.
3. ಒಂದು ಕಾರಣಕ್ಕಾದರೂ ಗುರುತು ಹಿಡಿಯಬಹುದಾದ ಆಧಾರ ಇದೆ: ಕಂಡದ್ದು, ಅಂಕಿ ಅಥವಾ ಘಟನೆ. ಅದು ನಿಲುವನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂಬುದನ್ನು ಓದುವವರೇ ಊಹಿಸಬೇಕು.
4. ಆಧಾರ ಇದೆ. ಅದು ನಿಲುವನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂದು ಬರೆದವರೇ ಬಿಡಿಸಿ ಹೇಳಿದ್ದಾರೆ.

ಇದರಲ್ಲಿ ಎಲ್ಲಿಯೂ ಉತ್ತಮ, ಸಾಧಾರಣ ಎಂಬ ಪದವಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಇದೆ, ಇಲ್ಲ ಎಂದು ತೋರಿಸುವಂಥದ್ದು ಮಾತ್ರ ಇದೆ. "ಮೂರು ಕಾರಣ ಇದ್ದರೆ ನಾಲ್ಕು, ಎರಡಿದ್ದರೆ ಮೂರು" ಅಂತ ಎಣಿಕೆ ಇಡುವ ಆಸೆ ನನಗಿತ್ತು, ತಿದ್ದುವುದು ಸುಲಭ ಅಲ್ವಾ. ಆ ಲೆಕ್ಕದಲ್ಲಿ ಪೊಳ್ಳು ಕಾರಣ ಮೂರು ಬರೆದವನು ಗಟ್ಟಿ ಕಾರಣ ಒಂದೇ ಬರೆದವಳನ್ನು ದಾಟಿ ಹೋಗುತ್ತಿದ್ದ. ಬಿಟ್ಟೆವು.

ಉಳಿದ ಮೂರು ಸಾಲು: ನಿಲುವು, ಎದುರು ವಾದ, ಭಾಷೆ. ಪ್ರತಿ ಸಾಲಿಗೂ ನಾಲ್ಕೇ ಹಂತ. ಹಾಳೆ ಖಾಲಿ ಇದ್ದರೆ, ವಿಷಯವೇ ಬೇರೆಯಾದರೆ ಸೊನ್ನೆ.

ಆಮೇಲೆ ಪರೀಕ್ಷೆ ನಮಗೆ. ಮೇಡಂ ಸೆಕ್ಷನ್ನಿನಿಂದ 12 ಹಾಳೆ ತೆಗೆದು ಜೆರಾಕ್ಸ್ ಮಾಡಿಸಿ, ಇಬ್ಬರೂ ಬೇರೆ ಬೇರೆ ಕೂತು ತಿದ್ದಿದೆವು. 12 ಹಾಳೆ, ನಾಲ್ಕು ಸಾಲು, ಒಟ್ಟು 48 ತೀರ್ಪು. ಮರುದಿನ ಹೋಲಿಸಿ ನೋಡಿದರೆ 23 ಕಡೆ ಮಾತ್ರ ಇಬ್ಬರದ್ದೂ ಒಂದೇ. 18 ಕಡೆ ಒಂದು ಹಂತದ ವ್ಯತ್ಯಾಸ. 7 ಕಡೆ ಎರಡು ಅಥವಾ ಅದಕ್ಕಿಂತ ಜಾಸ್ತಿ. ಅರ್ಧಕ್ಕೂ ಕಡಿಮೆ ಹೊಂದಿದ್ದು ನೋಡಿ ನನಗೆ ನಾಚಿಕೆಯೇ ಆಯಿತು.

ಮೇಡಂ ಆ 7 ಮಾತ್ರ ನೋಡೋಣ ಅಂದರು. ಒಂದು ಹಂತದ ವ್ಯತ್ಯಾಸ ಮನುಷ್ಯರು ತಿದ್ದುವಾಗ ಇದ್ದದ್ದೇ. ಎರಡು ಹಂತ ಬಂತೆಂದರೆ ನಮ್ಮಲ್ಲಿ ಒಬ್ಬರು ಸಾಲನ್ನೇ ಬೇರೆ ಥರ ಓದುತ್ತಿದ್ದೇವೆ ಎಂದರ್ಥ. 7ರಲ್ಲಿ 5 "ಎದುರು ವಾದ"ದ ಸಾಲಿನಲ್ಲೇ ಇದ್ದವು. ನಾವು ಬರೆದಿದ್ದ ಮೂರನೇ ಹಂತ ಹೀಗಿತ್ತು: "ಎದುರು ವಾದವನ್ನು ನ್ಯಾಯವಾಗಿ ಹೇಳಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ." ಒಂದೇ ಮನೆಯಲ್ಲಿ ಎರಡು ವಿಷಯ. ನ್ಯಾಯವಾಗಿ ಹೇಳಿ ಉತ್ತರ ಕೊಡದವಳಿಗೆ ಎಷ್ಟು? ಹೇಗೋ ಹೇಳಿ ಗಟ್ಟಿ ಉತ್ತರ ಕೊಟ್ಟವನಿಗೆ ಎಷ್ಟು? ನಾನು ಹೇಳಿದ ರೀತಿ ನೋಡುತ್ತಿದ್ದೆ, ಮೇಡಂ ಉತ್ತರ ನೋಡುತ್ತಿದ್ದರು.

ಹಂತಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿದೆವು. ಎದುರು ವಾದದ ಸುದ್ದಿಯೇ ಇಲ್ಲದಿದ್ದರೆ ಒಂದು. ಅದನ್ನು ಎತ್ತಿ, "ಆದರೆ ಅದು ತಪ್ಪು" ಎಂದು ಸುಮ್ನೆ ತಳ್ಳಿಹಾಕಿದ್ದರೆ, ಅಥವಾ ಎತ್ತಿ ಅಲ್ಲೇ ಬಿಟ್ಟಿದ್ದರೆ ಎರಡು. ಕಾರಣ ಕೊಟ್ಟು ಉತ್ತರಿಸಿದ್ದರೆ ಮೂರು. ಎದುರಿನವರ ಮಾತಿನಲ್ಲಿ ಸರಿಯಾದದ್ದು ಎಷ್ಟಿದೆ ಎಂದು ಒಪ್ಪಿ, ಆದರೂ ತನ್ನ ನಿಲುವು ಯಾಕೆ ನಿಲ್ಲುತ್ತದೆ ಎಂದು ತೋರಿಸಿದ್ದರೆ ನಾಲ್ಕು.

ಇಲ್ಲಿ ಇನ್ನೊಂದು ಗಂಟು ಬಿತ್ತು. ಒಬ್ಬಳು ಹುಡುಗಿ ಬರೆದಿದ್ದಳು: "ಈ ನೀರನ್ನು ಎರಡು ಹಂತ ಮಾತ್ರ ಶುದ್ಧ ಮಾಡುತ್ತಾರೆ, ಮೂರನೇ ಹಂತವೂ ಬೇಕು ಎಂದು ಕೇಳುವವರ ಬಯ ಸುಳ್ಳಲ್ಲ. ನಮಗೂ ಬಯ ಇದೆ. ಅದಕ್ಕೆ ಕೆರೆ ಪಕ್ಕದ ಬೋರಿನ ನೀರು ಕುಡಿಯುವ ಮೊದಲು ಪರೀಕ್ಷೆ ಮಾಡಿಸಲಿ. ಆದರೆ ನೀರೇ ನಿಲ್ಲಿಸಿದರೆ ಕೆರೆ ಮತ್ತೆ ಒಣಗುತ್ತದೆ. ಮೂರನೇ ಹಂತ ಕೇಳೋಣ, ನೀರನ್ನೂ ಬಿಡಿಸಿಕೊಳ್ಳೋಣ." ಎದುರು ವಾದಕ್ಕೆ ನಾನು 4 ಕೊಟ್ಟೆ. ಮೇಡಂ ಕೂಡ 4 ಕೊಟ್ಟರು, ಆದರೆ ನಿಲುವಿಗೆ 2 ಕೊಟ್ಟುಬಿಟ್ಟರು. "ಬೇಕು ಅಂತಾಳೆ, ಬಯ ಅಂತಾಳೆ, ಎರಡೂ ಕಡೆ ಕಾಲು" ಅಂದರು. ಒಂದು ಸಾಲಿನಲ್ಲಿ ಮೆಚ್ಚಿದ ಕೆಲಸಕ್ಕೆ ಇನ್ನೊಂದು ಸಾಲಿನಲ್ಲಿ ದಂಡ! ಹೀಗಾದರೆ ಎದುರಿನವರನ್ನು ಒಪ್ಪಿಕೊಳ್ಳುವ ಧೈರ್ಯ ಯಾವ ಮಗು ಮಾಡೀತು? ಎರಡು ದಿನ ವಾದ ಮಾಡಿ ನಿಲುವಿನ ಸಾಲಿಗೆ ಒಂದು ಮಾತು ಸೇರಿಸಿದೆವು: "ಷರತ್ತು ಹಾಕಿದ ನಿಲುವೂ ಸ್ಪಷ್ಟ ನಿಲುವೇ. ಕೊನೆಗೆ ಏನು ಮಾಡಬೇಕೆಂದು ಗೊತ್ತಾಗದಿದ್ದರೆ ಮಾತ್ರ ಅಸ್ಪಷ್ಟ." ಆ ಹುಡುಗಿಯ ನಿಲುವಿಗೆ 3 ಆಯಿತು. 4 ಯಾಕಿಲ್ಲ ಎಂದರೆ ನಿಲುವು ಮೊದಲ ಪುಟದಲ್ಲೆಲ್ಲೂ ಇರಲಿಲ್ಲ, ಕೊನೆಗೆ ಬಂತು.

ಅವಳ ಹಾಳೆಯಲ್ಲಿ "ಬಯ" ಎಂದೇ ಇತ್ತು. ಭಾಷೆಯ ಸಾಲಿನ ಕಥೆ ಅದು. ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಕೆಲವರದ್ದು ಉರ್ದು. ಮಹಾಪ್ರಾಣ ಕನ್ನಡ ಮನೆಯ ಮಕ್ಕಳಿಗೇ ಕೈಕೊಡುತ್ತದೆ, ಇನ್ನು ಇವರಿಗೆ ಕೇಳಬೇಕೇ. ಭೂಮಿ ಬೂಮಿ ಆಗುತ್ತದೆ, ಅಧಿಕಾರಿ ಅದಿಕಾರಿ ಆಗುತ್ತಾನೆ. ನಾನು ಮೊದಲ ಸುತ್ತಿನಲ್ಲಿ ಕೆಂಪು ಶಾಯಿಯ ಸುತ್ತುಗಳನ್ನು ನೋಡಿಯೇ ಇಡೀ ಪ್ರಬಂಧವನ್ನು ಕೆಳಗೆ ಇಳಿಸುತ್ತಿದ್ದೆ. ಹಳೆಯ ರೀತಿಯಲ್ಲಿ ಇವಳಿಗೆ ನಾನು ಕೊಟ್ಟಿದ್ದು 4. ಈಗ ಕಾಗುಣಿತದ ತಪ್ಪು ಭಾಷೆಯ ಸಾಲಿನಲ್ಲಿ ಮಾತ್ರ, ಅದೂ ಒಂದೇ ಪದ ಹತ್ತು ಸಲ ತಪ್ಪಾದರೆ ಒಂದೇ ತಪ್ಪು. ಹಂತ ಇಳಿಯುವುದಕ್ಕೆ ಅಳತೆ, ಓದುವವರು ನಿಂತು ವಾಕ್ಯವನ್ನು ಮತ್ತೆ ಓದಬೇಕಾಯಿತೇ ಎಂಬುದು. ಅವಳಿಗೆ ಭಾಷೆಯಲ್ಲಿ 2.

ತಿದ್ದುವ ಕ್ರಮವನ್ನೂ ಬದಲಾಯಿಸಿದೆವು. ಒಂದು ಹಾಳೆ ಎತ್ತಿಕೊಂಡು ನಾಲ್ಕೂ ಸಾಲು ಹಾಕಿದರೆ ಮೊದಲ ಸಾಲಿನ ಗುಂಗು ಉಳಿದವುಗಳಿಗೆ ಹತ್ತುತ್ತದೆ. ಅಕ್ಷರ ಮುದ್ದಾಗಿದ್ದರೆ ವಾದವೂ ಮುದ್ದಾಗಿ ಕಾಣುತ್ತದೆ. ಹಾಗಾಗಿ 42 ಹಾಳೆಗೂ ಮೊದಲು ಕಾರಣ-ಆಧಾರ ಮಾತ್ರ, ಕಟ್ಟನ್ನು ಕಲೆಸಿ ಮತ್ತೆ ಎದುರು ವಾದ ಮಾತ್ರ, ಹೀಗೆ. ಭಾಷೆ ಕೊನೆಗೆ. ಟೈಮ್ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಎರಡು ಭಾನುವಾರ ಹೋಯಿತು, ಮನೆಯಲ್ಲಿ ಮಾತು ಕೇಳಿದ್ದು ಬೇರೆ.

ಹೊಸ ಮಾತುಗಳಿಟ್ಟುಕೊಂಡು ಬೇರೆ 12 ಹಾಳೆ ತಿದ್ದಿದಾಗ 48ರಲ್ಲಿ 37 ಒಂದೇ ಆಯಿತು. ಎರಡು ಹಂತದ ವ್ಯತ್ಯಾಸ ಒಂದೇ ಒಂದು, ಅದು ನಾನು ಒಂದು ಪುಟ ತಿರುಗಿಸದೇ ಬಿಟ್ಟಿದ್ದರಿಂದ.

ಹಂತವನ್ನು ಅಂಕ ಮಾಡುವುದು ಬಾಕಿ ಇತ್ತು. ನಾಲ್ಕು ಸಾಲಿಗೆ ತಲಾ 4 ಅಂದರೆ 16, ಅದನ್ನು 10ಕ್ಕೆ ಇಳಿಸುವುದು ತಲೆನೋವು. ಹೇಗೂ ವಾದದ ಪ್ರಬಂಧ ಎನ್ನುತ್ತೇವೆ, ಕಾರಣ-ಆಧಾರದ ಸಾಲಿಗೆ ದುಪ್ಪಟ್ಟು ತೂಕ ಕೊಡೋಣ ಎಂದೆವು. ಆಗ ಅದು 8, ಉಳಿದ ಮೂರು ತಲಾ 4, ಒಟ್ಟು 20. ಅರ್ಧ ಮಾಡಿದರೆ 10. ಆ ಹುಡುಗಿಗೆ ನಿಲುವು 3, ಕಾರಣ-ಆಧಾರ 4ರ ದುಪ್ಪಟ್ಟು 8, ಎದುರು ವಾದ 4, ಭಾಷೆ 2. ಒಟ್ಟು 17, ಅಂದರೆ ಎಂಟೂವರೆ. ಜಗಳ ಎಬ್ಬಿಸಿದ ಹುಡುಗ ಹೊಸ ಪ್ರಶ್ನೆಗೆ ನಿಲುವು ಚೆನ್ನಾಗಿಯೇ ಹಿಡಿದಿದ್ದ: ನಿಲುವು 4, ಕಾರಣ-ಆಧಾರ 2ರ ದುಪ್ಪಟ್ಟು 4, ಎದುರು ವಾದ 1, ಭಾಷೆ 4. ಒಟ್ಟು 13, ಆರೂವರೆ. ಅರ್ಧವನ್ನು ಮೇಲಕ್ಕೇ ಸೇರಿಸಿದ್ದರಿಂದ ಅವಳಿಗೆ 9, ಅವನಿಗೆ 7. ಎಲ್ಲದರಲ್ಲೂ ಒಂದೇ ಬಂದರೂ ಎರಡೂವರೆ ಸಿಗುತ್ತದೆ, ಎಲ್ಲದರಲ್ಲೂ ಎರಡು ಬಂದರೆ 5. ಇದು ಧಾರಾಳವಾಯಿತು ಎಂದು ನನಗೆ ಈಗಲೂ ಅನುಮಾನ. ಮೇಡಂ ಹಾಗನ್ನುವುದಿಲ್ಲ.

ಮುಂದಿನ ಪ್ರಬಂಧಕ್ಕೆ ರೂಬ್ರಿಕ್ ಅನ್ನು ಮೊದಲೇ ಮಕ್ಕಳ ಕೈಗೆ ಕೊಟ್ಟೆವು. ವಿಷಯ ನೀಲಗಿರಿ ತೋಪುಗಳದ್ದು. ಇಲ್ಲಿ ನಾವು ಎಣಿಸದ ಎರಡು ಕಂಡವು. ಒಂದು, ಸುಮಾರು ಹಾಳೆಗಳಲ್ಲಿ ಮೂರನೇ ಪ್ಯಾರಾ ತಪ್ಪದೆ "ಕೆಲವರು ಹೀಗೆ ಹೇಳಬಹುದು" ಎಂದೇ ಶುರುವಾಯಿತು. ಆ ಕೆಲವರು ಹೇಳುವುದೋ, ಯಾರೂ ಹೇಳದ ಪೆದ್ದು ಮಾತು. ಪೆದ್ದು ಮಾತಿಗೆ ಉತ್ತರ ಸುಲಭ. ಹಾಗಾಗಿ ಮೂರನೇ ಹಂತಕ್ಕೆ "ಎದುರಿನವರು ನಿಜವಾಗಿ ಹೇಳುವ ಮಾತು" ಎಂದು ಸೇರಿಸಬೇಕಾಯಿತು. ನೀಲಗಿರಿ ಬೆಳೆದ ರೈತ ನೀರಿಲ್ಲದ ಹೊಲದಲ್ಲಿ ಇನ್ನೇನು ಬೆಳೆಯಲಿ ಅನ್ನುತ್ತಾನೆ, ಅದಕ್ಕೆ ಉತ್ತರ ಕೊಡಲಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಆಧಾರ ಬೇಕು ಎಂದಿದ್ದಕ್ಕೆ ಆಧಾರ ಹುಟ್ಟಿಸಿಬಿಟ್ಟಿದ್ದರು. "ಶೇಕಡಾ 87ರಷ್ಟು ರೈತರು" ಎಂದು ಒಬ್ಬ, "ಶೇಕಡಾ 93" ಎಂದು ಪಕ್ಕದ ಬೆಂಚಿನವನು. ಎಲ್ಲಿಂದಪ್ಪಾ ಎಂದರೆ "ಸುಮ್ನೆ ಹಾಕಿದೆ ಸಾರ್". ಆಧಾರದ ಸಾಲಿನಲ್ಲಿ "ಎಲ್ಲಿಂದ ಗೊತ್ತಾಯಿತು ಎಂಬುದು ಬರಹದಲ್ಲೇ ಇರಬೇಕು" ಎಂದು ಬರೆದೆವು. ಪೇಪರ್, ಪಾಠ, ಮನೆಯವರು, ಸ್ವಂತ ಕಣ್ಣು, ಏನಾದರೂ ಸರಿ. ಇದರಿಂದಲೂ ಸುಳ್ಳು ಪೂರ್ತಿ ನಿಲ್ಲುವುದಿಲ್ಲ. ಒಬ್ಬ ಕೆ.ಸಿ. ವ್ಯಾಲಿ ನೀರನ್ನು ನೇರವಾಗಿ ನಲ್ಲಿಗೆ ಬಿಡುತ್ತಾರೆ ಎಂದು "ಪೇಪರಿನಲ್ಲಿ ಓದಿದೆ" ಎಂಬ ಮಾತಿನ ಜೊತೆಗೇ ಬರೆದಿದ್ದ. ಆ ನೀರು ಕೆರೆಗೆ ಹೋಗುವುದು, ಅಲ್ಲಿಂದ ನೆಲಕ್ಕೆ ಇಂಗಲಿ ಎಂದು. ಯೋಜನೆ ಗೊತ್ತಿದ್ದರೆ ಮಾತ್ರ ಆ ತಪ್ಪು ಸಿಗುತ್ತದೆ, ನಮ್ಮ ಪಟ್ಟಿಯ ಯಾವ ಮನೆಯೂ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ನಮಗೆ ಗೊತ್ತಿಲ್ಲದ ವಿಷಯವನ್ನು ಪ್ರಬಂಧಕ್ಕೆ ಕೊಡುವುದನ್ನು ನಿಲ್ಲಿಸಿದ್ದೇವೆ.

ನೀಲಗಿರಿ ಹಾಳೆಗಳನ್ನು ವಾಪಸ್ ಕೊಟ್ಟ ದಿನ ಕಡೇ ಬೆಂಚಿನ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಾಳೆ, ಅದರ ಮೇಲೆ ರೂಬ್ರಿಕ್ ಪಿನ್ ಹೊಡೆದಿತ್ತು.

"ಸಾರ್, ಆಧಾರದಲ್ಲಿ ಎರಡು ಹಾಕಿದೀರಾ. ಎಲ್ಲಿಂದ ಗೊತ್ತಾಯ್ತು ಅಂತ ಇಲ್ಲ ಅಂತ ಬರ್ದಿದೀರಾ."

"ಹೌದಪ್ಪ, ಇಲ್ಲವಲ್ಲ."

"ಇದೆ ಸಾರ್." ಎರಡನೇ ಪುಟದ ಕೆಳಗೆ ಬೆರಳಿಟ್ಟ. ನೀಲಗಿರಿ ಕಿತ್ತು ಹಾಕಿದ ಮೇಲೆ ಪಕ್ಕದ ಬಾವಿಯಲ್ಲಿ ಮತ್ತೆ ನೀರು ಕಾಣಿಸಿತು ಎಂದು ಬರೆದಿದ್ದ. ಅದರ ಹಿಂದಿನ ವಾಕ್ಯದಲ್ಲಿ, ತಾತನ ಜೊತೆ ಆ ಬಾವಿಗೆ ತಾನೇ ಇಳಿದಿದ್ದು ಇತ್ತು. ನಾನು ಒಂದು ವಾಕ್ಯ ಬಿಟ್ಟು ಓದಿದ್ದೆ.

ಎರಡನ್ನು ಹೊಡೆದು ಮೂರು ಮಾಡಿದೆ. ಒಟ್ಟಿಗೆ ಎರಡು ಸೇರಿತು, ಅಂಕ ಒಂದು ಏರಿತು. ಮರುದಿನ ಊಟದ ಬಿಡುವಿನಲ್ಲಿ ಆರು ಜನ ಬಂದು ನಿಂತರು. ಅವರಲ್ಲಿ ಇಬ್ಬರು ಹೇಳಿದ್ದು ಸರಿ ಇತ್ತು.